ಹನ್ನೆರಡು ಲಕ್ಷದ ಹಳ್ಳ ಮತ್ತು ಶನಿವಾರ–ಭಾನುವಾರದ ಪಾಠ

ಪ್ರಶ್ನೆ: ಶಿರಸಿಯ ಮನೆಯಿಂದಲೇ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ. ವರ್ಷದ ಸಂಬಳ 11,64,000 ರೂಪಾಯಿ. ಕಂಪನಿ ತೆರಿಗೆ ಮುರಿಯುವುದಿಲ್ಲ. ಸಂಜೆ ಮನೆಯಲ್ಲಿ ಎಂಟು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ, ತಿಂಗಳಿಗೆ ತಲಾ 1,500 ರೂಪಾಯಿ, ಜೂನ್‌ನಿಂದ ಮಾರ್ಚ್‌ವರೆಗೆ. ಶನಿವಾರ, ಭಾನುವಾರ ಒಂದು ಕೋಚಿಂಗ್ ಕೇಂದ್ರದಲ್ಲಿ ಪಾಠವಿದೆ. ಅಲ್ಲಿ ತಿಂಗಳಿಗೆ 15,000 ರೂಪಾಯಿ, ಶೇ. 10ರಷ್ಟು ಟಿಡಿಎಸ್ ಮುರಿದು ಕೊಡುತ್ತಾರೆ. 12 ಲಕ್ಷದವರೆಗೆ ತೆರಿಗೆ ಇಲ್ಲವಲ್ಲ, ಮುರಿದದ್ದು ವಾಪಸು ಬರುತ್ತದೆಯೇ? ಪಾಠದ ಹಣವನ್ನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿರುವ ಹೆಂಡತಿಯ ಖಾತೆಗೆ ಹಾಕಿಸಿಕೊಂಡರೆ ಹೇಗೆ? ಈ ಆದಾಯ ನಂಬಿ ತಿಂಗಳಿಗೆ 14,000 ರೂಪಾಯಿ ಕಂತಿನ ಕಾರು ಸಾಲ ತೆಗೆಯಬಹುದೇ?
— ಒಬ್ಬ ಓದುಗ, ಶಿರಸಿ

ಉತ್ತರ: ವಾಪಸು ಬರುವುದಿಲ್ಲ. ಮುರಿದ 18,000 ರೂಪಾಯಿ ಹೋಗಲಿ, ಅದರ ಮೇಲೆ ಇನ್ನೂ 69,000 ರೂಪಾಯಿಯಷ್ಟನ್ನು ನೀವೇ ಕಟ್ಟಬೇಕಾಗುತ್ತದೆ. ಇದನ್ನು ಕೇಳಿ ನಿಮಗೆ ಗಾಬರಿಯಾದರೆ ಆಶ್ಚರ್ಯವಿಲ್ಲ. ನಿಮ್ಮಂಥ ಪರಿಸ್ಥಿತಿಯಲ್ಲಿರುವವರು ಪ್ರತಿ ಜುಲೈನಲ್ಲಿ ನನ್ನ ಮೇಜಿನ ಎದುರು ಕುಳಿತು ಇದೇ ಮುಖ ಮಾಡುತ್ತಾರೆ.

ಎಡವುವುದು ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂಬ ಮಾತನ್ನು ಅರ್ಥ ಮಾಡಿಕೊಳ್ಳುವಲ್ಲಿ. ಮೊದಲ 12 ಲಕ್ಷ ಎಲ್ಲರಿಗೂ ಮಾಫಿ, ಅದರ ಮೇಲಿನದಕ್ಕೆ ಮಾತ್ರ ತೆರಿಗೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ. 2025–26ನೇ ಆರ್ಥಿಕ ವರ್ಷದ ಹೊಸ ಪದ್ಧತಿಯಲ್ಲಿ ನಿಜವಾಗಿ ತೆರಿಗೆಯೇ ಇಲ್ಲದಿರುವುದು ಮೊದಲ 4 ಲಕ್ಷಕ್ಕೆ. 4ರಿಂದ 8 ಲಕ್ಷದ ನಡುವಿನದಕ್ಕೆ ಶೇ. 5, 8ರಿಂದ 12ರ ನಡುವಿನದಕ್ಕೆ ಶೇ. 10, 12ರಿಂದ 16ರ ನಡುವಿನದಕ್ಕೆ ಶೇ. 15. ಈ ಲೆಕ್ಕದಲ್ಲಿ 12 ಲಕ್ಷ ಆದಾಯದವನಿಗೆ 60,000 ರೂಪಾಯಿ ತೆರಿಗೆ ಬೀಳುತ್ತದೆ. ಆದಾಯ 12 ಲಕ್ಷ ಮೀರಿಲ್ಲದಿದ್ದರೆ ಸರ್ಕಾರ ಆ 60,000ವನ್ನು ರಿಯಾಯಿತಿಯಾಗಿ ಬಿಟ್ಟುಬಿಡುತ್ತದೆ. ಮೀರಿದರೆ ರಿಯಾಯಿತಿ ಹೋಗುತ್ತದೆ. 4 ಲಕ್ಷದಿಂದ ಮೇಲಿನ ಎಲ್ಲಕ್ಕೂ ಲೆಕ್ಕ ಶುರುವಾಗುತ್ತದೆ.

ನಿಮ್ಮ ಕಂಪನಿ ತೆರಿಗೆ ಮುರಿಯದಿರುವುದಕ್ಕೆ ಕಾರಣ ಅವರಿಗೆ ನಿಮ್ಮ ಸಂಬಳ ಮಾತ್ರ ಕಾಣುತ್ತದೆ. 11,64,000ದಲ್ಲಿ ಸಂಬಳದಾರರಿಗೆ ಸಿಗುವ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 10,89,000. ಅದು 12 ಲಕ್ಷದ ಒಳಗೇ ಇದೆ. ಕೋಚಿಂಗ್ ಕೇಂದ್ರದವರಿಗೆ ಅವರು ಕೊಡುವ ಹಣ ಮಾತ್ರ ಕಾಣುತ್ತದೆ. ವರ್ಷಕ್ಕೆ 50,000 ದಾಟಿದ ಶುಲ್ಕವಾದ್ದರಿಂದ ಶೇ. 10 ಮುರಿಯುತ್ತಾರೆ. ಇಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಮಾಡಿದ್ದಾರೆ. ಎರಡನ್ನೂ ಕೂಡಿಸುವ ಕೆಲಸ ನಿಮ್ಮದು.

ಕೂಡಿಸೋಣ. ಮನೆಪಾಠದಿಂದ 1,20,000, ಕೇಂದ್ರದಿಂದ 1,80,000, ಒಟ್ಟು 3,00,000. ಟಿಡಿಎಸ್ ಕಳೆದು ಕೈಗೆ ಬಂದದ್ದನ್ನಲ್ಲ, ಮುರಿಯುವ ಮೊದಲಿನ ಮೊತ್ತವನ್ನು ಹಿಡಿಯಬೇಕು. ಇದರಲ್ಲಿ ಪಾಠಕ್ಕಾಗಿಯೇ ಆದ ಖರ್ಚನ್ನು ಕಳೆಯಬಹುದು. ನೀವು ಖರ್ಚು ಬರೆದಿಲ್ಲವಾದ್ದರಿಂದ ಒಂದು ಅಂದಾಜು ಹಾಕುತ್ತೇನೆ: ಪ್ರಶ್ನೆಪತ್ರಿಕೆ ಜೆರಾಕ್ಸ್ 9,000, ಪುಸ್ತಕಗಳು 6,600, ಇಂಟರ್ನೆಟ್ ಬಿಲ್ಲಿನಲ್ಲಿ ಪಾಠದ ಪಾಲು 4,800, ಕೇಂದ್ರಕ್ಕೆ ಹೋಗಿಬರುವ ಪೆಟ್ರೋಲ್ 5,200. ನವೆಂಬರಿನಲ್ಲಿ 22,000 ಕೊಟ್ಟು ಪಾಠಕ್ಕೆಂದು ಟ್ಯಾಬ್ಲೆಟ್ ಕೊಂಡಿರಿ ಎನ್ನಿ. ಅದರ ಬೆಲೆಯನ್ನು ಇಡಿಯಾಗಿ ಖರ್ಚಿಗೆ ಹಾಕುವಂತಿಲ್ಲ. ಕಂಪ್ಯೂಟರ್ ಜಾತಿಯ ವಸ್ತುವಿಗೆ ವರ್ಷಕ್ಕೆ ಶೇ. 40 ಸವಕಳಿ, ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಹಾಗಾಗಿ ಈ ವರ್ಷಕ್ಕೆ ದಕ್ಕುವುದು 4,400. ಎಲ್ಲ ಸೇರಿ 30,000 ಖರ್ಚು, ಉಳಿದ ಪಾಠದ ಆದಾಯ 2,70,000.

ಈಗ ಒಟ್ಟು ಆದಾಯ 13,59,000. ಅದರ ತೆರಿಗೆ: 4ರಿಂದ 8ರವರೆಗೆ 20,000, 8ರಿಂದ 12ರವರೆಗೆ 40,000, ಮೇಲಿನ 1,59,000ಕ್ಕೆ ಶೇ. 15ರಂತೆ 23,850. ಒಟ್ಟು 83,850. ಇದರ ಮೇಲೆ ಶೇ. 4 ಸೆಸ್ ಸೇರಿ 87,204. ಕೇಂದ್ರದವರು ಮುರಿದ 18,000 ಕಳೆದರೆ ಬಾಕಿ 69,204.

ಪಾಠದ ಆದಾಯ 2,70,000ಕ್ಕೆ 87,204 ಎಂದರೆ ನೂರಕ್ಕೆ 32. ಪಟ್ಟಿಯಲ್ಲಿ ಶೇ. 15 ಎಂದಿದೆ, ನಿಮ್ಮ ಜೇಬಿನಿಂದ ಹೋಗುವುದು ಮೂರರಲ್ಲಿ ಒಂದು ಪಾಲು. ಯಾಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ವಾರಾಂತ್ಯದ ಪಾಠ ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದಕ್ಕೆ ಉತ್ತರ ಅಲ್ಲೇ ಇದೆ.

ನಿಮ್ಮ ಸಂಬಳ ಕಳೆದು 12 ಲಕ್ಷ ತುಂಬಲು ಉಳಿದಿರುವ ಜಾಗ 1,11,000. ಪಾಠದ ಆದಾಯದಲ್ಲಿ ಮೊದಲ 1,11,000ಕ್ಕೆ ಒಂದು ಪೈಸೆ ತೆರಿಗೆ ಇಲ್ಲ. ಅದರ ಆಚೆ ಒಂದು ಹಳ್ಳವಿದೆ. ಆದಾಯ 12 ಲಕ್ಷಕ್ಕಿಂತ ಒಂದೇ ರೂಪಾಯಿ ಹೆಚ್ಚಾಯಿತೆಂದು 60,000 ಕಟ್ಟಿಸಿಕೊಳ್ಳುವುದು ಅನ್ಯಾಯವಾದ್ದರಿಂದ ಕಾನೂನಿನಲ್ಲಿ ಒಂದು ಸಣ್ಣ ದಾಕ್ಷಿಣ್ಯ ಇಟ್ಟಿದ್ದಾರೆ: ಸೆಸ್ ಬಿಟ್ಟು ತೆರಿಗೆಯು 12 ಲಕ್ಷದ ಮೇಲಿನ ಮೊತ್ತವನ್ನು ಮೀರಬಾರದು. ಕೇಳಲು ಚೆಂದ. ಆದರೆ ಇದರ ಇನ್ನೊಂದು ಮಗ್ಗುಲು ಎಂದರೆ, 12 ಲಕ್ಷದಿಂದ ಸುಮಾರು 12,70,588ರವರೆಗೆ ನೀವು ದುಡಿದ ಪ್ರತಿ ರೂಪಾಯಿಯೂ ತೆರಿಗೆಗೇ ಹೋಗುತ್ತದೆ. 12,50,000 ಆದಾಯದವನು 50,000 ತೆರಿಗೆ, ಅದರ ಮೇಲೆ 2,000 ಸೆಸ್ ಕಟ್ಟಿ, 12 ಲಕ್ಷಕ್ಕೇ ನಿಂತವನಿಗಿಂತ 2,000 ರೂಪಾಯಿ ಬಡವನಾಗುತ್ತಾನೆ. ಮಳೆಗಾಲದಲ್ಲಿ ಕಾಲುಸಂಕ ಇಲ್ಲದ ಹಳ್ಳದ ಹಾಗೆ, ಆಚೆ ದಡ ಸಿಗುವವರೆಗೆ ದುಡಿದದ್ದೆಲ್ಲ ನೀರಿಗೆ. 12,70,588 ದಾಟಿದ ಮೇಲೆ ಮತ್ತೆ ನೆಲ ಸಿಗುತ್ತದೆ. ಅಲ್ಲಿಂದ ಮುಂದೆ ನೂರಕ್ಕೆ 15 ರೂಪಾಯಿ 60 ಪೈಸೆ ಮಾತ್ರ.

ನಿಮ್ಮ 2,70,000ವನ್ನು ಹೀಗೆ ಮೂರು ತುಂಡು ಮಾಡಿ ನೋಡಿ: 1,11,000 ನಿಮ್ಮದೇ, 70,588 ಪೂರ್ತಿ ಹಳ್ಳದ ಪಾಲು, ಉಳಿದ 88,412ರಲ್ಲಿ ಶೇ. 15ರಷ್ಟು ತೆರಿಗೆ.

ಇನ್ನು ವಾರಾಂತ್ಯದ ಪಾಠ. ಮನೆಪಾಠ ಮಾತ್ರ ಇದ್ದಿದ್ದರೆ? 1,20,000ದಲ್ಲಿ 20,000 ಖರ್ಚು ಕಳೆದು 1,00,000 ಉಳಿಯುತ್ತಿತ್ತು. ಒಟ್ಟು ಆದಾಯ 11,89,000, ತೆರಿಗೆ ಸೊನ್ನೆ. ಅಂದರೆ ಈ 87,204 ರೂಪಾಯಿ ತೆರಿಗೆ ಪೂರ್ತಿಯಾಗಿ ಹುಟ್ಟಿದ್ದು ಕೋಚಿಂಗ್ ಕೇಂದ್ರದ ಆದಾಯದಿಂದ. ಕೇಂದ್ರದ 1,80,000ದಲ್ಲಿ ಪೆಟ್ರೋಲು, ಜೆರಾಕ್ಸ್ ಸೇರಿ 10,000 ಖರ್ಚು ಕಳೆದರೆ 1,70,000. ಅದರಲ್ಲಿ ತೆರಿಗೆ ಕಳೆದು ನಿಮಗೆ ದಕ್ಕುವುದು 82,796. ತಿಂಗಳಿಗೆ ಸುಮಾರು 6,900. ವರ್ಷದ ನೂರು ಶನಿವಾರ–ಭಾನುವಾರಗಳಿಗೆ ಹಂಚಿದರೆ ದಿನಕ್ಕೆ ಎಂಟುನೂರು ಚಿಲ್ಲರೆ. ತಿಂಗಳಿಗೆ 15,000 ಸಿಗುತ್ತಿದೆ ಎಂದುಕೊಂಡು ನೀವು ವಾರದ ರಜೆ ಬಿಟ್ಟುಕೊಟ್ಟಿದ್ದೀರಿ. ಸಿಗುತ್ತಿರುವುದು ಅದರ ಅರ್ಧಕ್ಕಿಂತ ಕಡಿಮೆ.

ಇದರ ಅರ್ಥ ಪಾಠ ಬಿಡಿ ಎಂದಲ್ಲ. ಮಕ್ಕಳಿಗೆ ಗಣಿತ ಹೇಳುವುದರಲ್ಲಿ ಕೆಲವರಿಗೆ ರುಚಿ ಇರುತ್ತದೆ, ಅದಕ್ಕೆ ಬೆಲೆ ಕಟ್ಟುವುದು ನನ್ನ ಕೆಲಸವಲ್ಲ. ಆದರೆ ಹಣದ ದೃಷ್ಟಿಯಿಂದ ಹೇಳುವುದಾದರೆ ಒಂದೋ ಈಚೆ ದಡದಲ್ಲಿ ಇರಬೇಕು, ಇಲ್ಲವೇ ಹಳ್ಳ ದಾಟಿ ಚೆನ್ನಾಗಿ ಮುಂದೆ ಹೋಗಬೇಕು. ನಾನು ನಿಮ್ಮ ಜಾಗದಲ್ಲಿದ್ದರೆ ಕೇಂದ್ರದವರ ಬಳಿ 15,000ವನ್ನು 22,000 ಮಾಡಿ ಎಂದು ಕೇಳುತ್ತಿದ್ದೆ. ಹೆಚ್ಚುವ 84,000ದಲ್ಲಿ ತೆರಿಗೆಗೆ ಹೋಗುವುದು ಸುಮಾರು 13,100 ಮಾತ್ರ, ಉಳಿದ 70,900 ನಿಮ್ಮ ಕೈಗೆ. ಹಳ್ಳದ ಸುಂಕ ಹೇಗೂ ಕಟ್ಟಿ ಆಗಿದೆ. ಅವರು ಒಪ್ಪದಿದ್ದರೆ ಕೇಂದ್ರ ಬಿಟ್ಟು, ಮನೆಗೆ ಬರುವ ಎಂಟು ಮಕ್ಕಳಿಗೆ ನಿಲ್ಲಿಸುವುದನ್ನು ಗಂಭೀರವಾಗಿ ಯೋಚಿಸುತ್ತಿದ್ದೆ.

ಇಷ್ಟು ಹೇಳಿದ ಮೇಲೆ ಯಾರಾದರೂ ನಿಮ್ಮ ಕಿವಿಯಲ್ಲಿ ಇನ್ನೊಂದು ದಾರಿ ಹೇಳಿಯೇ ಹೇಳುತ್ತಾರೆ: ‘ತೆರಿಗೆ ಕಾಯ್ದೆಯ 44ಎಡಿ ಸೆಕ್ಷನ್ ಅಡಿ ರಿಟರ್ನ್ ಹಾಕಿ. ಬಂದ ಹಣದ ಶೇ. 6 ಮಾತ್ರ ಲಾಭ ಎಂದು ತೋರಿಸಿ, ತೆರಿಗೆ ಸೊನ್ನೆ.’ ಲೆಕ್ಕಕ್ಕೆ ಅದು ನಿಜ. 3,00,000ಕ್ಕೆ ಶೇ. 6 ಎಂದರೆ 18,000, ಒಟ್ಟು ಆದಾಯ 11,07,000 ಆಗಿ ತೆರಿಗೆಯೇ ಬೀಳುವುದಿಲ್ಲ. ನಾನು ನನ್ನ ಬಳಿ ಬರುವವರಿಗೆ ಇದನ್ನು ಮಾಡಿಕೊಡುವುದಿಲ್ಲ, ಕಾರಣ ಹೇಳುತ್ತೇನೆ.

ಅಂದಾಜು ಲಾಭದ ಈ ಅನುಕೂಲ ಸಣ್ಣ ವ್ಯಾಪಾರಕ್ಕೆ ಮಾಡಿದ್ದು. ನೂರು ರೂಪಾಯಿ ಮಾಲು ಮಾರಿದರೆ ಆರೇಳು ರೂಪಾಯಿ ಉಳಿಯುವ ಕಿರಾಣಿ ಅಂಗಡಿಯವನಿಗೆ ಅದು ಹೊಂದುತ್ತದೆ. ವಕೀಲರು, ವೈದ್ಯರು, ಎಂಜಿನಿಯರರು, ಲೆಕ್ಕಿಗರಂಥವರಿಗೆ ಶೇ. 50ರ ಇನ್ನೊಂದು ನಿಯಮವಿದೆ. ಆ ವೃತ್ತಿಗಳ ಪಟ್ಟಿಯಲ್ಲಿ ಪಾಠ ಹೇಳುವುದು ಇಲ್ಲ. ಹಾಗಾಗಿ ಪಾಠ ಹೇಳುವವರು ಎರಡರ ನಡುವೆ ಸಿಕ್ಕಿಕೊಂಡಿದ್ದಾರೆ. ಜಾಗ ಬಾಡಿಗೆಗೆ ಹಿಡಿದು, ಇಬ್ಬರು ಮೂವರು ಶಿಕ್ಷಕರನ್ನು ಸಂಬಳಕ್ಕಿಟ್ಟು ಟ್ಯೂಷನ್ ತರಗತಿ ನಡೆಸುವವನು ತನ್ನದು ವ್ಯಾಪಾರ ಎಂದು ವಾದಿಸಿದರೆ ಅದಕ್ಕೊಂದು ತೂಕವಿದೆ. ನೀವು ನಿಮ್ಮ ಸ್ವಂತ ವಿದ್ಯೆಯಿಂದ, ಮನೆಯ ಜಗಲಿಯಲ್ಲಿ ಕುಳಿತು ಪಾಠ ಹೇಳುವವರು. ಕೇಂದ್ರದವರು ನಿಮಗೆ ಮುರಿದಿರುವ ಶೇ. 10 ಕೂಡ ವೃತ್ತಿ ಶುಲ್ಕದ ಲೆಕ್ಕದಲ್ಲೇ. ಇಲಾಖೆಯ ಜಾಲತಾಣದಲ್ಲಿ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿ ತೆಗೆದರೆ ಅದು ಹಾಗೆಯೇ ಕಾಣುತ್ತದೆ. ವೃತ್ತಿ ಶುಲ್ಕವೆಂದು ಅಲ್ಲಿ ನಮೂದಾದದ್ದನ್ನು ನೀವು ಇಲ್ಲಿ ವ್ಯಾಪಾರವೆಂದು ತೋರಿಸಿ, ಮೂರು ಲಕ್ಷ ದುಡಿಯಲು 2,82,000 ಖರ್ಚಾಯಿತು ಎಂದು ಸಹಿ ಹಾಕಿದರೆ, ಪ್ರಶ್ನೆ ಬಂದ ದಿನ ಕೊಡಲು ನಿಮ್ಮ ಬಳಿ 30,000ದ ಜೆರಾಕ್ಸ್ ಚೀಟಿಗಳು ಮಾತ್ರ ಇರುತ್ತವೆ. ಇದು ನನ್ನ ಅಭಿಪ್ರಾಯ. ಬೇರೆಯಾಗಿ ಹೇಳುವ ಸಹೋದ್ಯೋಗಿಗಳೂ ನನಗಿದ್ದಾರೆ. ಆದರೆ ರಿಟರ್ನಿನ ಕೆಳಗೆ ಬೀಳುವ ಸಹಿ ಅವರದ್ದಲ್ಲ, ನಿಮ್ಮದು.

ಹಾಗಾಗಿ ನಿಮ್ಮದು ನಿಜ ಖರ್ಚಿನ ಲೆಕ್ಕ, ಐಟಿಆರ್–3 ನಮೂನೆ. ಸಂಬಳದವರ ಸರಳ ಐಟಿಆರ್–1ರಲ್ಲಿ ಇದನ್ನು ‘ಇತರ ಆದಾಯ’ ಎಂದು ತುರುಕುವುದು ನಮ್ಮಲ್ಲಿ ಸಾಮಾನ್ಯ ತಪ್ಪು. ವಾರ ವಾರವೂ ನಡೆಯುವ ದುಡಿಮೆ ವೃತ್ತಿ ಆದಾಯ. ಅದು ವರ್ಷಕ್ಕೆ 2,50,000 ದಾಟುವುದರಿಂದ ಲೆಕ್ಕದ ಪುಸ್ತಕವನ್ನೂ ಇಡಬೇಕು. ದೊಡ್ಡದೇನಲ್ಲ: ಒಂದು ಉದ್ದನೆಯ ನೋಟ್‌ಬುಕ್, ಎಡಕ್ಕೆ ಯಾವ ದಿನ ಯಾರಿಂದ ಎಷ್ಟು ಬಂತು, ಬಲಕ್ಕೆ ಏನಕ್ಕೆ ಎಷ್ಟು ಹೋಯಿತು, ಹಿಂದಿನ ಪುಟಗಳಿಗೆ ಪಿನ್ ಮಾಡಿದ ಚೀಟಿಗಳು. ಹಣ ಕೈಗೆ ಬಂದ ದಿನವೇ ಬರೆಯಿರಿ, ಬರಬೇಕಾದ ದಿನವಲ್ಲ. ಹೀಗೆ ಬಂದಾಗ ಲೆಕ್ಕ ಹಿಡಿಯುವ ಪದ್ಧತಿಯನ್ನು ಕಾನೂನು ಒಪ್ಪುತ್ತದೆ, ವರ್ಷದಿಂದ ವರ್ಷಕ್ಕೆ ಬದಲಾಯಿಸದೆ ಅದನ್ನೇ ಪಾಲಿಸಬೇಕಷ್ಟೆ. ನಮ್ಮ ಕಡೆ ಇದಕ್ಕೆ ವಿಶೇಷ ಮಹತ್ವವಿದೆ. ತೋಟದ ಮನೆಯ ಎಷ್ಟೋ ತಂದೆಯರು ‘ಚಾಲಿ ಮಾರಿದ ಮೇಲೆ ಒಟ್ಟಿಗೆ ಕೊಡುತ್ತೇನೆ’ ಎನ್ನುತ್ತಾರೆ. ದರ ಏರಲಿ ಎಂದು ಅಡಿಕೆಯನ್ನು ಅಟ್ಟದಲ್ಲೇ ಇಟ್ಟುಕೊಂಡರೆ ಫೆಬ್ರುವರಿಯ ಫೀಸು ಮೇ ತಿಂಗಳಲ್ಲಿ ಬರುತ್ತದೆ. ಅದು ಮುಂದಿನ ವರ್ಷದ ಆದಾಯ.

ಹಳೆಯ ತೆರಿಗೆ ಪದ್ಧತಿಗೆ ಹೋದರೆ ಅನುಕೂಲವೇ ಎಂದೂ ನೋಡಿದೆ. ಉಳಿತಾಯಕ್ಕೆ 1,50,000, ಆರೋಗ್ಯ ವಿಮೆಗೆ 25,000 ಪೂರ್ತಿ ಕಳೆದರೂ ನಿಮಗೆ ಅಲ್ಲಿ ಸೆಸ್ ಬಿಟ್ಟೇ 1,75,000 ದಾಟುತ್ತದೆ. ಬೇಡ. ವೃತ್ತಿ ಆದಾಯ ಇರುವವರು ಬರೀ ಸಂಬಳದವರ ಹಾಗೆ ವರ್ಷಕ್ಕೊಮ್ಮೆ ಆಚೆ ಈಚೆ ಜಿಗಿಯುವಂತೆಯೂ ಇಲ್ಲ; ಒಮ್ಮೆ ಹಳೆಯದಕ್ಕೆ ಹೋದರೆ ಹೊಸದಕ್ಕೆ ಮರಳಲು ಒಂದೇ ಅವಕಾಶ.

ಹೆಂಡತಿಯ ಖಾತೆಯ ವಿಚಾರ. ದಯವಿಟ್ಟು ಬೇಡ. ದುಡಿದವನು ಯಾರೋ ಆದಾಯ ಅವನದ್ದೇ. ಹಣ ಯಾರ ಖಾತೆಗೆ ಬಿತ್ತು ಎಂಬುದರಿಂದ ಅದು ಬದಲಾಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳಬಾರದು ಎನ್ನುತ್ತದೆ. ಎಂಟು ಮಕ್ಕಳ ಮನೆಯಿಂದ ತಿಂಗಳಿಗೊಮ್ಮೆ ‘ಟ್ಯೂಷನ್ ಫೀ’ ಎಂದು ಬರೆದು ನಿಮ್ಮ ಮನೆಯವರ ಖಾತೆಗೆ ಹಣ ಬಂದರೆ, ಅವರು ಮಾಡದ ತಪ್ಪಿಗೆ ನೀವೇ ದಾಖಲೆ ಸೃಷ್ಟಿಸಿಕೊಟ್ಟ ಹಾಗಾಗುತ್ತದೆ. ತೆರಿಗೆ ಉಳಿಸಲು ಹೋಗಿ ಮನೆಯ ಸ್ಥಿರ ಸಂಬಳವನ್ನು ಪಣಕ್ಕಿಡಬೇಡಿ.

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದ ಮೇಲೆ ‘ನಗದಿನಲ್ಲಿ ಕೊಡಿ’ ಎನ್ನುವವರು ನಮ್ಮ ಕಡೆಯೂ ಹೆಚ್ಚಾಗಿದ್ದಾರೆ. ನಿಮಗೆ ಜಿಎಸ್‌ಟಿಯ ಚಿಂತೆ ಇಲ್ಲ, ಸೇವೆಯಿಂದ ಬರುವ ಹಣ ವರ್ಷಕ್ಕೆ 20 ಲಕ್ಷ ದಾಟುವವರೆಗೆ ನೋಂದಣಿಯೇ ಬೇಡ. ಆದಾಯ ತೆರಿಗೆಗೋ ನಗದು, ಯುಪಿಐ ಎರಡೂ ಒಂದೇ. ಮಾಹಿತಿ ಪಟ್ಟಿಯಲ್ಲಿ ಕೇಂದ್ರದ ಹಣ ಮಾತ್ರ ಕಾಣುತ್ತದೆ, ಮನೆಪಾಠದ್ದು ಕಾಣುವುದಿಲ್ಲ ಎಂದು ಅದನ್ನು ಬಿಟ್ಟು ರಿಟರ್ನ್ ಹಾಕಿಸುವಂತೆ ನನ್ನನ್ನು ಕೇಳುವವರಿದ್ದಾರೆ. ಅವರಿಗೆ ಚಹಾ ಕುಡಿಸಿ ಕಳಿಸುತ್ತೇನೆ.

ಕಂಪನಿಯ ನೇಮಕಾತಿ ಪತ್ರವನ್ನೂ ಒಮ್ಮೆ ತೆಗೆದು ಓದಿ. ಲಿಖಿತ ಅನುಮತಿ ಇಲ್ಲದೆ ಬೇರೆ ಸಂಬಳದ ಕೆಲಸ ಮಾಡಬಾರದು ಎಂಬ ಸಾಲು ಸಾಫ್ಟ್‌ವೇರ್ ಕಂಪನಿಗಳ ಪತ್ರಗಳಲ್ಲಿ ಸಾಮಾನ್ಯ. ಅನುಮತಿ ಪಡೆದಿದ್ದರೆ ಒಂದು ಸುಖವೂ ಇದೆ: ಪಾಠದ ಆದಾಯವನ್ನು ಕಂಪನಿಯ ಲೆಕ್ಕ ವಿಭಾಗಕ್ಕೆ ಬರೆದುಕೊಟ್ಟರೆ ಅವರೇ ಸಂಬಳದಲ್ಲಿ ತಿಂಗಳು ತಿಂಗಳು ತೆರಿಗೆ ಮುರಿಯುತ್ತಾರೆ, ಮುಂದೆ ನಾನು ಹೇಳಲಿರುವ ಕಂತುಗಳ ತಲೆನೋವು ತಪ್ಪುತ್ತದೆ.

ಕಂತುಗಳು ಯಾವುವೆಂದರೆ, ಟಿಡಿಎಸ್ ಕಳೆದು ವರ್ಷದ ತೆರಿಗೆ ಬಾಕಿ 10,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಿಟರ್ನ್ ಹಾಕುವವರೆಗೆ ಕಾಯುವಂತಿಲ್ಲ, ವರ್ಷದೊಳಗೇ ಮುಂಗಡವಾಗಿ ಕಟ್ಟಬೇಕು. ಜೂನ್ 15ರೊಳಗೆ ಶೇ. 15, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ. 45, ಡಿಸೆಂಬರ್ 15ರೊಳಗೆ ಒಟ್ಟು ಶೇ. 75, ಮಾರ್ಚ್ 15ರೊಳಗೆ ಪೂರ್ತಿ. ನಿಮ್ಮ 69,204ಕ್ಕೆ ಹೊಂದಿಸಿದರೆ ಜೂನ್‌ನಲ್ಲಿ 10,400, ಸೆಪ್ಟೆಂಬರಿನಲ್ಲಿ 20,800, ಡಿಸೆಂಬರಿನಲ್ಲಿ 20,800, ಮಾರ್ಚಿನಲ್ಲಿ 17,204. ಏನನ್ನೂ ಕಟ್ಟದೆ ಜುಲೈನಲ್ಲಿ ಒಟ್ಟಿಗೆ ಕಟ್ಟಿದರೆ ತಿಂಗಳಿಗೆ ಶೇ. 1ರಂತೆ ಎರಡು ಬಗೆಯ ಬಡ್ಡಿ ಸೇರಿ ಸುಮಾರು 6,200 ರೂಪಾಯಿ ಹೆಚ್ಚು ಹೋಗುತ್ತದೆ. ಕೇಂದ್ರದ ಒಂದು ತಿಂಗಳ ದುಡಿಮೆಯಿಂದ ನಿಮಗೆ ಉಳಿಯುವುದು ಹೆಚ್ಚುಕಡಿಮೆ ಅಷ್ಟೇ ಎಂದು ನೆನಪಿಡಿ.

ಕಟ್ಟುವುದು ಸುಲಭ. incometax.gov.in ತಾಣದಲ್ಲಿ e-Pay Tax ಒತ್ತಿ, 2025–26ರ ಆದಾಯಕ್ಕೆ Assessment Year 2026-27 ಆರಿಸಿ, Advance Tax (100) ಎಂಬುದನ್ನು ಗುರುತಿಸಬೇಕು. ತಪ್ಪಾಗುವುದು ಈ ಎರಡೇ ಕಡೆ. ವರ್ಷ ತಪ್ಪಿದರೆ ನಿಮ್ಮ ಹಣ ಸರ್ಕಾರದ ಬಳಿ ಇರುತ್ತದೆ, ನಿಮ್ಮ ರಿಟರ್ನಿನಲ್ಲಿ ಮಾತ್ರ ಕಾಣುವುದಿಲ್ಲ. ಚಲನ್ ಉಳಿಸಿಕೊಳ್ಳಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯ ಕಾಲ. ಸೆಕ್ಷನ್ ಸಂಖ್ಯೆಗಳೂ ‘ತೆರಿಗೆ ವರ್ಷ’ ಎಂಬ ಹೆಸರೂ ಹೊಸವು, ಹಾಗಾಗಿ ಆ ದಿನದ ನಂತರದ ಆದಾಯಕ್ಕೆ ಕಟ್ಟುವಾಗ ಪರದೆಯ ಮೇಲಿನ ವರ್ಷವನ್ನು ಇನ್ನೊಮ್ಮೆ ನೋಡಿ ಒತ್ತಿ.

ಹಣ ಎತ್ತಿಡುವುದು ಹೇಗೆ? ಮನೆಪಾಠ ನಡೆಯುವ ಹತ್ತು ತಿಂಗಳು 7,000ದಂತೆ, ಕೇಂದ್ರದ ಹಣ ಮಾತ್ರ ಬರುವ ಏಪ್ರಿಲ್, ಮೇ ತಿಂಗಳಲ್ಲಿ 3,500ರಂತೆ ಬೇರೆ ಉಳಿತಾಯ ಖಾತೆಗೆ ಹಾಕಿ. ವರ್ಷಕ್ಕೆ 77,000 ಆಗುತ್ತದೆ. ಬೇಕಾದದ್ದಕ್ಕಿಂತ ಸುಮಾರು 7,800 ಹೆಚ್ಚು. ಅಡಿಕೆಗೆ ಕಾಯುವ ತಂದೆಯರ ಫೀಸು ತಡವಾದರೂ ಯಾವ ಕಂತೂ ತಪ್ಪದಿರಲಿ ಎಂದು ಅಷ್ಟು ಸಡಿಲ ಬಿಟ್ಟಿದ್ದೇನೆ. ಆ ಖಾತೆಗೆ ಮೊಬೈಲಿನ ಯುಪಿಐ ಜೋಡಿಸಬೇಡಿ. ಅನುಭವದ ಮಾತು ಇದು. ಕುಮಟಾದಲ್ಲಿ ಕಚೇರಿ ತೆರೆದ ಹೊಸತರಲ್ಲಿ ನಾನೂ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ವಾಣಿಜ್ಯ ಪಾಠ ಹೇಳುತ್ತಿದ್ದೆ. ಬಂದ ಹಣ ಮನೆ ಖರ್ಚಿನ ಖಾತೆಗೇ ಬೀಳುತ್ತಿತ್ತು, ಚೌತಿ, ದೀಪಾವಳಿಗೆ ಕರಗುತ್ತಿತ್ತು. ಊರಿಗೆಲ್ಲ ತೆರಿಗೆ ಲೆಕ್ಕ ಹೇಳುವವನು ಆ ಮಾರ್ಚಿನಲ್ಲಿ ಮನೆಯವಳ ಬಳೆ ಅಡವಿಟ್ಟು ಕೊನೆಯ ಕಂತು ಕಟ್ಟಿದೆ. ನಿಮ್ಮಲ್ಲಂತೂ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುವುದೂ ಅದೇ ಫೆಬ್ರುವರಿ–ಮಾರ್ಚ್ ಹೊತ್ತಿಗೆ. ನೆಂಟರು ಮನೆ ತುಂಬಿರುವಾಗ ಖಾತೆಯಲ್ಲಿರುವ 17,000 ಬಹಳ ಹೊತ್ತು ನಿಲ್ಲುವುದಿಲ್ಲ.

ಆ ಹಣವನ್ನು ಎಲ್ಲಿಡಬೇಕು ಎಂಬುದರಲ್ಲೂ ಒಂದು ಎಚ್ಚರ. ನಮ್ಮ ಜಿಲ್ಲೆಯವರಿಗೆ ಸಹಕಾರಿ ಸಂಘಗಳ ಠೇವಣಿ ಎಂದರೆ ಪ್ರೀತಿ, ಬಡ್ಡಿ ಅರ್ಧ–ಒಂದು ಶೇಕಡಾ ಹೆಚ್ಚೆಂಬ ಕಾರಣಕ್ಕೆ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕಿನದ್ದಕ್ಕೂ, 5 ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸಂಘಗಳ ಠೇವಣಿಗೆ ಅದಿಲ್ಲ. ತೆರಿಗೆಯ ಹಣ ಮೂರು ತಿಂಗಳಿಗೊಮ್ಮೆ ಹೊರಗೆ ಹೋಗುವಂಥದ್ದು. ಅರ್ಧ ಶೇಕಡಾ ಬಡ್ಡಿಯಿಂದ ವರ್ಷಕ್ಕೆ ನೂರು ರೂಪಾಯಿಯೂ ಸಿಗಲಿಕ್ಕಿಲ್ಲ. ಅದಕ್ಕಾಗಿ ಕಟ್ಟುವ ದಿನ ಸಂಘದ ಬಾಗಿಲಲ್ಲಿ ನಿಲ್ಲಬೇಕಾಗಿ ಬಂದರೆ ಕಷ್ಟ. ಬ್ಯಾಂಕಿನ ಉಳಿತಾಯ ಖಾತೆ ಸಾಕು. ಷೇರು, ಮ್ಯೂಚುವಲ್ ಫಂಡಿನ ಹೆಸರನ್ನೇ ಈ ಹಣದ ಜೊತೆ ಎತ್ತಬೇಡಿ.

ಈಗ ಕಾರು. ಖರ್ಚು, ತೆರಿಗೆ ಎರಡೂ ಕಳೆದು ಪಾಠದಿಂದ ವರ್ಷಕ್ಕೆ ನಿಮಗೆ ಉಳಿಯುವುದು 1,82,796, ತಿಂಗಳಿಗೆ ಸರಾಸರಿ 15,200. ಕಾಗದದ ಮೇಲೆ 14,000ದ ಕಂತು ಅದರೊಳಗೆ ಕೂರುತ್ತದೆ. ಆದರೆ ಸರಾಸರಿ ಎಂಬುದು ಮೋಸದ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಕೈಗೆ ಬರುವುದು ಕೇಂದ್ರದ 13,500 ಮಾತ್ರ, ಅದರಲ್ಲಿ 3,500 ತೆರಿಗೆಗೆ ಹೋದರೆ ಉಳಿಯುವುದು 10,000. ಜೂನ್‌ನಲ್ಲಿ ಮಕ್ಕಳು ಎಂಟೇ ಬರುತ್ತಾರೆಂದು ಬರೆದುಕೊಟ್ಟವರಿಲ್ಲ. ಹುಬ್ಬಳ್ಳಿಯ ಹಾಸ್ಟೆಲಿಗೆ ಇಬ್ಬರು ಸೇರಿದರೆ ವರ್ಷಕ್ಕೆ 30,000 ಹೋಯಿತು. ಕೇಂದ್ರದವರು ಬೇರೆ ಶಿಕ್ಷಕರನ್ನು ನೋಡಿಕೊಂಡರೆ ಉಳಿದದ್ದೂ ಹೋಯಿತು. ಬ್ಯಾಂಕಿನ ಕಂತು ಮಾತ್ರ ಐದು ವರ್ಷ ತಪ್ಪದೆ ಬರುತ್ತದೆ. ಸಂಬಳದಿಂದಲೇ ಕಂತು ಕಟ್ಟಲು ಸಾಧ್ಯವಿದ್ದರೆ ಕಾರು ತೆಗೆದುಕೊಳ್ಳಿ, ಇಲ್ಲದಿದ್ದರೆ ಎರಡು ವರ್ಷ ಪಾಠದ ಉಳಿಕೆಯನ್ನು ಕೂಡಿಟ್ಟು ಮೂರು–ಮೂರೂವರೆ ಲಕ್ಷವನ್ನು ಮುಂಗಡವಾಗಿ ಕೊಟ್ಟು ಕೊಳ್ಳಿ. ಆಗ ಸಾಲ ಸಣ್ಣದಾಗುತ್ತದೆ, ಪಾಠ ನಿಂತರೂ ಕಾರು ನಿಲ್ಲುವುದಿಲ್ಲ. ನಡುವೆ ಮಳೆಗಾಲದಲ್ಲಿ ಮನೆಯ ಹಂಚು ಹೊದಿಸಬೇಕಾಗಿ ಬಂದರೂ ಆ ಹಣ ಕೈಗೆ ಸಿಗುವಂತಿರುತ್ತದೆ.

ಕೊನೆಗೆ, ಮುಂದಿನ ಏಪ್ರಿಲ್‌ನಲ್ಲಿ ಸಂಬಳ ಏರಿದರೆ ಈ ಇಡೀ ಲೆಕ್ಕವನ್ನು ಹೊಸದಾಗಿ ಹಾಕಬೇಕು. ತೆರಿಗೆಯ ಹಂತಗಳು ಇವೇ ಇದ್ದು ನಿಮಗೆ ಶೇ. 8 ಏರಿಕೆ ಸಿಕ್ಕಿತು ಎನ್ನಿ: ಸಂಬಳ 12,57,120, ಡಿಡಕ್ಷನ್ ಕಳೆದು 11,82,120. ಹಳ್ಳಕ್ಕೆ ಮುಂಚೆ ಉಳಿಯುವ ಜಾಗ 1,11,000ದಿಂದ 17,880ಕ್ಕೆ ಇಳಿಯುತ್ತದೆ. ಆಗ ಮನೆಪಾಠ ಒಂದನ್ನೇ ಇಟ್ಟುಕೊಂಡರೂ ಅದರಿಂದ ಉಳಿಯುವ ಒಂದು ಲಕ್ಷದಲ್ಲಿ 70,588 ಹಳ್ಳಕ್ಕೇ ಹೋಗುತ್ತದೆ, ಈಚೆ ದಡದಲ್ಲಿ ನಿಲ್ಲುವ ಆಯ್ಕೆ ಇರುವುದಿಲ್ಲ. ಕೇಂದ್ರದವರ ಬಳಿ 22,000ದ ಮಾತನ್ನು ಏಪ್ರಿಲ್‌ಗೆ ಮೊದಲೇ ಎತ್ತಿ ಎನ್ನುವುದು ಅದಕ್ಕೇ.